ಹತ್ತು ಮಂದಿ ಒಂದೇ ವಿಮಾನ: ರಾಯಚೂರಿನಿಂದ ಹೊರಡುವ ಕುಟುಂಬದ ವಾಟ್ಸ್ಯಾಪ್ ಸಂದೇಶ ಹೇಗಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ತೆಗೆದುಕೊಂಡ ಉದಾಹರಣೆ ಹೀಗಿದೆ. ಸಿಂಧನೂರು, ಮಾನ್ವಿ, ರಾಯಚೂರಿನಲ್ಲಿ ಹಂಚಿಹೋದ ಒಂದು ಮನೆತನದ ಒಂಬತ್ತು ಮಂದಿ ಗಾಡಿಯಲ್ಲಿ ಶಂಷಾಬಾದಿಗೆ ಹೋಗುತ್ತಾರೆ. ಹೈದರಾಬಾದಿನಲ್ಲಿ ಕೆಲಸ ಮಾಡುವ ಹತ್ತನೆಯವನು ನೇರವಾಗಿ ವಿಮಾನ ನಿಲ್ದಾಣಕ್ಕೇ ಬರುತ್ತಾನೆ. ಅಲ್ಲಿಂದ ಎಲ್ಲರೂ ಕಾಶಿಗೆ. ಹೆಸರು, ದಿನ, ಸಮಯ, ಗೇಟು, ಸೀಟು ಎಲ್ಲವೂ ಉದಾಹರಣೆಗಾಗಿ ಇಟ್ಟವು. ನಿಮ್ಮ ಟಿಕೆಟಿನಲ್ಲಿ ಇದ್ದದ್ದನ್ನು ಅಲ್ಲಿ ತುಂಬಿಕೊಳ್ಳಿ. ಕೊಪ್ಪಳದವರು ಹುಬ್ಬಳ್ಳಿಯಿಂದ, ಬಳ್ಳಾರಿಯವರು ಬೆಂಗಳೂರಿನಿಂದ ಹತ್ತಿದರೂ ಲೆಕ್ಕದ ರೀತಿ ಇದೇ.

ಹತ್ತು ಮಂದಿಗೂ ಒಂದೇ ಟಿಕೆಟ್ ತೆಗೆಸಬಹುದೇ?

ಸಾಮಾನ್ಯವಾಗಿ ಆಗುವುದಿಲ್ಲ. ವಿಮಾನ ಕಂಪನಿಗಳ ವೆಬ್‌ಸೈಟು, ಆ್ಯಪುಗಳಲ್ಲಿ ಒಂದು ಬುಕಿಂಗಿಗೆ ಹೆಚ್ಚೆಂದರೆ ಒಂಬತ್ತು ಸೀಟು. ಹತ್ತು ಎಂದು ಒತ್ತಲು ಹೋದರೆ ಪಟ್ಟಿ ಅಲ್ಲಿಗೇ ನಿಲ್ಲುತ್ತದೆ, ಇಲ್ಲವೇ ಗುಂಪು ಬುಕಿಂಗ್ ವಿಭಾಗಕ್ಕೆ ಹೋಗಿ ಎನ್ನುತ್ತದೆ. ಅಲ್ಲಿ ದರವನ್ನು ಬೇರೆಯಾಗಿ ಕೇಳಬೇಕು, ಮುಂಗಡ ಕಟ್ಟಬೇಕು. ಪ್ರಯಾಣಿಕರ ಹೆಸರನ್ನು ಆಮೇಲೆ ಕೊಡಬಹುದು ಎಂಬುದೊಂದೇ ಅದರ ದೊಡ್ಡ ಅನುಕೂಲ. ಮದುವೆ ದಿಬ್ಬಣಕ್ಕೆ ಅದು ಸರಿ. ಯಾರ‍್ಯಾರು ಬರುತ್ತಾರೆಂದು ಮೊದಲೇ ಗೊತ್ತಿರುವ ಹತ್ತು ಮಂದಿಗೆ ಎರಡು ಬುಕಿಂಗ್, ಅಂದರೆ ಎರಡು ಪಿಎನ್‌ಆರ್ ಮಾಡುವುದೇ ಸಲೀಸು.

ಎರಡು ಭಾಗ ಮಾಡಿದರೆ ಕೆಲವೊಮ್ಮೆ ದುಡ್ಡೂ ಉಳಿಯುತ್ತದೆ. ವಿಮಾನದ ಸೀಟುಗಳನ್ನು ಬೇರೆ ಬೇರೆ ದರದ ಗುಂಪುಗಳಾಗಿ ಮಾರುತ್ತಾರೆ. ಅಗ್ಗದ ಗುಂಪಿನಲ್ಲಿ ಆರೇ ಸೀಟು ಉಳಿದಿದ್ದು ನೀವು ಒಟ್ಟಿಗೆ ಒಂಬತ್ತು ಕೇಳಿದರೆ, ಒಂಬತ್ತಕ್ಕೂ ಅದರ ಮೇಲಿನ ದರ ಬೀಳುತ್ತದೆ. ಮೊದಲು ಒಬ್ಬರಿಗೆ, ಆಮೇಲೆ ಐವರಿಗೆ, ಆಮೇಲೆ ಒಂಬತ್ತು ಮಂದಿಗೆ ಎಂದು ಹುಡುಕಿ ತಲೆಗೆ ಎಷ್ಟು ಬರುತ್ತದೆ ನೋಡಿ. ಸಂಖ್ಯೆ ಏರಿದ ಹಾಗೆ ತಲೆಯ ದರವೂ ಏರಿದರೆ ಕಾರಣ ಇದೇ.

ಇನ್ನೊಂದು ಮಾತು. ಹತ್ತರಲ್ಲಿ ಒಂದು ಎರಡು ವರ್ಷ ತುಂಬದ ಕೂಸಾಗಿದ್ದರೆ ಅದಕ್ಕೆ ಸೀಟಿಲ್ಲ, ತೊಡೆಯ ಮೇಲೇ ಪ್ರಯಾಣ. ಒಂಬತ್ತರ ಲೆಕ್ಕದಲ್ಲಿ ಅದು ಸೇರುವುದಿಲ್ಲವಾದ್ದರಿಂದ ಆಗ ಒಂದೇ ಪಿಎನ್‌ಆರ್ ಸಾಕು.

ಎರಡು ಮಾಡುವಾಗ ಯಾರನ್ನು ಯಾವುದಕ್ಕೆ ಹಾಕಬೇಕು?

ಎಲ್ಲರಿಂದಲೂ ಆಗುವ ತಪ್ಪೆಂದರೆ ಒಂಬತ್ತು ಮಂದಿಯನ್ನು ಒಂದರಲ್ಲಿ ಹಾಕಿ, ಉಳಿದ ಒಬ್ಬರಿಗೆ ಬೇರೆ ಟಿಕೆಟ್ ತೆಗೆಸುವುದು. ವಿಮಾನ ರದ್ದಾಗಿ ಕಂಪನಿಯವರು ಬೇರೆ ವಿಮಾನಕ್ಕೆ ಬದಲಿಸುವಾಗ ಒಂದೊಂದು ಪಿಎನ್‌ಆರನ್ನೂ ಪ್ರತ್ಯೇಕವಾಗಿಯೇ ನೋಡುತ್ತಾರೆ. ಒಂಬತ್ತು ಮಂದಿ ಸಂಜೆಯ ವಿಮಾನಕ್ಕೆ, ಒಬ್ಬರೇ ಮರುದಿನದ ವಿಮಾನಕ್ಕೆ ಹೋಗುವ ಪರಿಸ್ಥಿತಿ ಬರಬಹುದು. ಆ ಒಬ್ಬರು ಅಜ್ಜಿಯಾಗಿದ್ದರೆ ಕಥೆ ಮುಗಿಯಿತು.

ಐದು-ಐದು ಮಾಡಿ. ಎರಡರಲ್ಲೂ ಕೌಂಟರಿನಲ್ಲಿ ನಿಂತು ಮಾತಾಡಬಲ್ಲವರು ಒಬ್ಬರು ಇರಲಿ. ಮಕ್ಕಳು ತಾಯಿ ಅಥವಾ ತಂದೆಯ ಪಿಎನ್‌ಆರಿನಲ್ಲೇ ಇರಬೇಕು, ಇದರಲ್ಲಿ ರಾಜಿ ಬೇಡ. ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ತಂದೆ ತಾಯಿ ಅಥವಾ ಪಾಲಕರಲ್ಲಿ ಒಬ್ಬರ ಪಕ್ಕದಲ್ಲೇ ಸೀಟು ಕೊಡಬೇಕೆಂದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2024ರಲ್ಲಿ ಕಂಪನಿಗಳಿಗೆ ಸೂಚಿಸಿದೆ. ಆದರೆ ಅದು ಒಂದೇ ಪಿಎನ್‌ಆರಿನಲ್ಲಿ ಇರುವವರಿಗೆ ಮಾತ್ರ. ಮಗು ಒಂದರಲ್ಲಿ, ತಾಯಿ ಇನ್ನೊಂದರಲ್ಲಿ ಇದ್ದರೆ ಅವರು ತಾಯಿ-ಮಗು ಎಂದು ಕಂಪ್ಯೂಟರಿಗೆ ಗೊತ್ತಾಗುವುದೇ ಇಲ್ಲ.

ನಮ್ಮ ಉದಾಹರಣೆಯಲ್ಲಿ ಮೊದಲನೆಯದರಲ್ಲಿ ಶರಣಪ್ಪ ಅಜ್ಜ, ಗಂಗಮ್ಮ ಅಜ್ಜಿ, ವೀರೇಶ, ಸುಮಂಗಲಾ, ಪ್ರಶಾಂತ. ಎರಡನೆಯದರಲ್ಲಿ ಮಹಾಂತೇಶ, ರೇಣುಕಾ, ಅವರ ಮಗ ಆದಿತ್ಯ (9 ವರ್ಷ), ಕವಿತಾ, ಅವಳ ಮಗಳು ಸಾನ್ವಿ (5 ವರ್ಷ).

ಬುಕಿಂಗಿನಲ್ಲಿ ಯಾರ ಮೊಬೈಲ್ ನಂಬರ್ ಕೊಡಬೇಕು?

ಗಾಡಿಯಲ್ಲಿ ಜೊತೆಗೆ ಬರುವವರದ್ದು. ವಿಮಾನದ ಸಮಯ ಬದಲಾದರೆ ಎಸ್ಸೆಮ್ಮೆಸ್ ಬರುವುದು ಬುಕಿಂಗಿನಲ್ಲಿ ಇರುವ ನಂಬರಿಗೆ ಮಾತ್ರ. ಊರಿನ ಏಜೆಂಟರ ಹತ್ತಿರ ಟಿಕೆಟ್ ತೆಗೆಸಿದರೆ ಎಷ್ಟೋ ಸಲ ಅವರ ನಂಬರೇ ಅಲ್ಲಿರುತ್ತದೆ. ಬೆಳಗಿನ ಜಾವ ಬಂದ ಎಸ್ಸೆಮ್ಮೆಸ್ಸನ್ನು ಏಜೆಂಟರು ಹತ್ತು ಗಂಟೆಗೆ ಅಂಗಡಿ ತೆಗೆದ ಮೇಲೆ ನೋಡುತ್ತಾರೆ, ಅಷ್ಟರಲ್ಲಿ ನೀವು ಜಡ್ಚರ್ಲಾ ದಾಟಿರುತ್ತೀರಿ. ಟಿಕೆಟ್ ಕೈಗೆ ಬಂದ ದಿನವೇ ಕಂಪನಿಯ ಆ್ಯಪಿನಲ್ಲಿ ಪಿಎನ್‌ಆರ್ ಹಾಕಿ ನಿಮ್ಮ ನಂಬರ್ ಸೇರಿಸಿಕೊಳ್ಳಿ, ಆಗದಿದ್ದರೆ ಏಜೆಂಟರಿಂದಲೇ ಸೇರಿಸಿಕೊಳ್ಳಿ. ಪಿಎನ್‌ಆರ್ ಎರಡು ಇದ್ದರೆ ಎರಡರಲ್ಲೂ ಸೇರಿಸಬೇಕು.

ಆಧಾರಿನಲ್ಲಿ ಬರೀ “ಗಂಗಮ್ಮ” ಎಂದಿದೆ. ಅಡ್ಡಹೆಸರಿನ ಜಾಗದಲ್ಲಿ ಏನು ತುಂಬಬೇಕು?

ನಮ್ಮ ಕಡೆ ಹಿರಿಯರ ಗುರುತಿನ ಚೀಟಿಗಳಲ್ಲಿ ಒಂದೇ ಹೆಸರು ಇರುವುದು ಸಾಮಾನ್ಯ. ಟಿಕೆಟಿನ ಫಾರ್ಮ್ ಮಾತ್ರ ಎರಡು ಖಾನೆ ತುಂಬು ಎನ್ನುತ್ತದೆ. ಆಗ ಮನೆತನದ ಹೆಸರನ್ನೋ ಗಂಡನ ಹೆಸರನ್ನೋ ಅಂದಾಜಿನಲ್ಲಿ ಹಾಕಿಬಿಡುತ್ತಾರೆ. ಗೇಟಿನಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಟಿಕೆಟ್ಟನ್ನೂ ಆಧಾರನ್ನೂ ಅಕ್ಕಪಕ್ಕ ಹಿಡಿದು ಓದುವಾಗ ಅದೇ ತೊಡಕಾಗುತ್ತದೆ. ದೇಶದೊಳಗಿನ ಪ್ರಯಾಣಕ್ಕೆ ರೂಢಿಯಲ್ಲಿರುವುದು ಎರಡೂ ಖಾನೆಗಳಲ್ಲಿ ಅದೇ ಹೆಸರನ್ನು ತುಂಬುವುದು: ಗಂಗಮ್ಮ ಗಂಗಮ್ಮ. ಕೆಲವು ಕಂಪನಿಗಳು ಬೇರೆ ಕ್ರಮ ಹೇಳುತ್ತವೆ. ಫಾರ್ಮಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ ತುಂಬಿ.

ಇಂಗ್ಲಿಷ್ ಕಾಗುಣಿತವನ್ನು ಕಾರ್ಡ್ ನೋಡಿಯೇ ಟೈಪ್ ಮಾಡಿ. ಶರಣಪ್ಪ ಎಂಬುದು ಒಬ್ಬರ ಕಾರ್ಡಿನಲ್ಲಿ Sharanappa, ಇನ್ನೊಬ್ಬರದ್ದರಲ್ಲಿ Sharnappa. ಫೋನಿನಲ್ಲಿ ಕೇಳಿ ಬರೆದುಕೊಂಡರೆ ತಪ್ಪುವುದು ಖಂಡಿತ. ತಪ್ಪಾಗಿದ್ದರೆ ಬುಕ್ ಮಾಡಿದ 24 ಗಂಟೆಯೊಳಗೆ ಕಂಪನಿಗೆ ಫೋನ್ ಮಾಡಿ, ಒಂದೆರಡು ಅಕ್ಷರವಾದರೆ ಸರಿಪಡಿಸುತ್ತಾರೆ. ಆದರೆ ಒಬ್ಬರ ಟಿಕೆಟಿನಲ್ಲಿ ಇನ್ನೊಬ್ಬರು ಹೋಗಲಿಕ್ಕೆ ಬರುವುದಿಲ್ಲ. “ದೊಡ್ಡಪ್ಪಗೆ ಆಗಂಗಿಲ್ಲಂತ, ಮಾಮಾನ ಹೆಸರು ಹಾಕಿಬಿಡ್ರಿ” ಎನ್ನುವುದು ನಡೆಯದು.

ಮನೆತನದ ಗ್ರೂಪ್ ಇದ್ದೇ ಇದೆಯಲ್ಲ, ಹೊಸದು ಯಾಕೆ?

ಅರವತ್ತು ಮಂದಿಯ ಗ್ರೂಪಿನಲ್ಲಿ ಶುಭೋದಯದ ಹೂವುಗಳ ನಡುವೆ ಗಾಡಿಯ ಸಮಯ ಕಳೆದುಹೋಗುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ ಇದೆ. ಪಿಎನ್‌ಆರ್ ಮತ್ತು ಅಡ್ಡಹೆಸರು ಗೊತ್ತಿದ್ದರೆ ಸಾಕು, ಯಾರು ಬೇಕಾದರೂ ಆ ಬುಕಿಂಗ್ ತೆರೆದು ನೋಡಬಹುದು. ಟಿಕೆಟನ್ನೂ ಆಧಾರ್ ಫೋಟೋವನ್ನೂ ದೊಡ್ಡ ಗ್ರೂಪಿಗೆ ಹಾಕಬೇಡಿ. ಹತ್ತು ಮಂದಿಯ ಹೊಸ ಗ್ರೂಪ್ ಮಾಡಿ. ಬುಕ್ ಮಾಡಲು ಬೇಕಾದ ಆಧಾರ್ ಫೋಟೋ ಬುಕ್ ಮಾಡುವವರಿಗೆ ಮಾತ್ರ ಹೋಗಲಿ, ಕೆಲಸ ಮುಗಿದ ಮೇಲೆ ಅಳಿಸಲಿ.

ಮುಖ್ಯ ಸಂದೇಶ ಹಾಕುವ ದಿನ ಗ್ರೂಪಿನ ಸೆಟ್ಟಿಂಗಿನಲ್ಲಿ ಅಡ್ಮಿನ್‌ಗಳಷ್ಟೇ ಬರೆಯುವಂತೆ ಮಾಡಿ, ಸಂದೇಶವನ್ನು ಮೇಲೆ ಪಿನ್ ಮಾಡಿ. ಪಿನ್ ಅವಧಿ 24 ಗಂಟೆ, 7 ದಿನ, 30 ದಿನ ಎಂದು ಕೇಳುತ್ತದೆ, 7 ದಿನ ಆರಿಸಿ. ಆಮೇಲೆ ಗ್ರೂಪನ್ನು ಮತ್ತೆ ಎಲ್ಲರಿಗೂ ಬಿಡಿ, ಇಲ್ಲದಿದ್ದರೆ ಒಬ್ಬೊಬ್ಬರೂ ನಿಮಗೇ ಫೋನ್ ಹಚ್ಚುತ್ತಾರೆ.

ಸರಿ, ಆ ಸಂದೇಶ ಹೇಗಿರಬೇಕು? ಪೂರ್ತಿ ಬರೆದು ತೋರಿಸಿ.

> ಕಾಶಿ ಪ್ರಯಾಣ. ಸಂದೇಶ 1. ಎಲ್ಲಾರೂ ಪೂರ್ತಿ ಓದ್ರಿ.
>
> ವಿಮಾನ: ಡಿಸೆಂಬರ್ 9, ಬುಧವಾರ, ಬೆಳಿಗ್ಗೆ 11:40, ಹೈದರಾಬಾದ್ (ಶಂಷಾಬಾದ್) ಇಂದ ಕಾಶಿಗೆ.
>
> ಗಾಡಿ: ಮಂಗಳವಾರ ರಾತ್ರಿ ಊಟ ಮಾಡಿ ಮಲಗ್ರಿ. ಬುಧವಾರ ಬೆಳಗಿನ ಜಾವ
> 2:15 ಸಿಂಧನೂರು: ಮಹಾಂತೇಶ, ರೇಣುಕಾ, ಆದಿತ್ಯ
> 3:15 ಮಾನ್ವಿ: ಕವಿತಾ, ಸಾನ್ವಿ
> 4:15 ರಾಯಚೂರು ಮನೆ: ಶರಣಪ್ಪ ಅಜ್ಜ, ಗಂಗಮ್ಮ ಅಜ್ಜಿ, ವೀರೇಶ, ಸುಮಂಗಲಾ
> 4:35ಕ್ಕೆ ರಾಯಚೂರು ಬಿಡ್ತೀವಿ.
>
> ಸೇರೋ ಜಾಗ: ಬೆಳಿಗ್ಗೆ 9:10ಕ್ಕೆ, ವಿಮಾನ ನಿಲ್ದಾಣದ ಡಿಪಾರ್ಚರ್ ಮಹಡಿ, ಗೇಟ್ 4ರ ಹೊರಗ. ಪ್ರಶಾಂತ ಸೀದಾ ಇಲ್ಲಿಗೇ ಬರ್ತಾನ. ಹತ್ತು ಮಂದಿ ಕೂಡೋತನಕ ಯಾರೂ ಒಳಗ ಹೋಗಬ್ಯಾಡ್ರಿ. 9:40 ಆದ್ರ ಬಂದವರು ಹೋಗೂದು.
>
> ಕೈಯಾಗ ಇರಬೇಕಾದ್ದು: ಆಧಾರ್ ಅಸಲಿ ಕಾರ್ಡ್. ಝೆರಾಕ್ಸ್ ನಡಿಯಂಗಿಲ್ಲ, ಫೋಟೋ ನಡಿಯಂಗಿಲ್ಲ. ದೊಡ್ಡ ಬ್ಯಾಗಿನಾಗ ಇಡಬ್ಯಾಡ್ರಿ.
>
> ಲಗೇಜ್: ಒಬ್ಬರಿಗೆ 15 ಕೆಜಿ ಒಂದು ಬ್ಯಾಗ್, ಕೈಯಾಗ 7 ಕೆಜಿ ಒಂದು. ಒಣ ಕೊಬ್ಬರಿ, ಕರ್ಪೂರ, ಕಡ್ಡಿಪೆಟ್ಟಿಗಿ ಯಾವ ಬ್ಯಾಗಿನಾಗೂ ಬ್ಯಾಡ.
>
> ಸೀಟು ಮತ್ತ ಬೋರ್ಡಿಂಗ್ ಪಾಸ್ ಸೋಮವಾರ ಮಧ್ಯಾಹ್ನ ಕಳಿಸ್ತೀನಿ.
>
> ಓದಿದ ಮ್ಯಾಲ “ಆಧಾರ್ ಕೈಯಾಗ ಐತಿ” ಅಂತ ಬರೀರಿ. ಸುಮ್ನ ಹೆಬ್ಬಟ್ಟು ಒತ್ತಬ್ಯಾಡ್ರಿ.

ಇದರಲ್ಲಿ ಕೆಲವು ಕಡೆ ಗಮನಿಸಿ. ಕಾಕಾ, ದೊಡ್ಡಪ್ಪ, ಅತ್ತಿ ಎಂದು ಬರೆಯದೆ ಹೆಸರನ್ನೇ ಬರೆದಿದೆ. ಒಂದೇ ಗ್ರೂಪಿನಲ್ಲಿ ಒಬ್ಬರಿಗೆ ಕಾಕಾ ಆದವರು ಇನ್ನೊಬ್ಬರಿಗೆ ಮಾಮಾ. “ಕಾಕಾ 3:15ಕ್ಕೆ ರೆಡಿ ಇರಬೇಕು” ಎಂದರೆ ಮೂವರು ರೆಡಿಯಾಗಿ ಕೂರುತ್ತಾರೆ, ಆಗಬೇಕಾದವರು ಮಲಗಿರುತ್ತಾರೆ. ಮನೆಯವರೆದುರು ಹಿರಿಯರ ಹೆಸರು ಬರೆಯಲು ಮುಜುಗರವಾದರೆ ಹೆಸರಿನ ಮುಂದೆ ಸಂಬಂಧ ಸೇರಿಸಿ, ಹೆಸರನ್ನು ಬಿಡಬೇಡಿ.

ಹೆಬ್ಬಟ್ಟಿನ ಚಿಹ್ನೆ ಒತ್ತಿದವರು ಓದಿದ್ದಾರೆ ಎನ್ನುವಂತಿಲ್ಲ. ಮೂರು ಶಬ್ದ ಬರೆಯಿಸಿದರೆ ಕಾರ್ಡ್ ಎಲ್ಲಿದೆ ಎಂದು ಎದ್ದು ಹುಡುಕುತ್ತಾರೆ. ನೀವು ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಮಾಹಿತಿ ತೆರೆದರೆ ಯಾರು ತೆರೆದಿಲ್ಲ ಎಂಬುದು ಕಾಣುತ್ತದೆ. ಅಜ್ಜ-ಅಜ್ಜಿಗಾಗಿ ಇದನ್ನೇ ಓದಿ ಒಂದು ನಿಮಿಷದ ಧ್ವನಿ ಸಂದೇಶ ಹಾಕಿ. ಬರೆದದ್ದನ್ನು ಓದದವರೂ ಅದನ್ನು ಎರಡೆರಡು ಸಲ ಕೇಳುತ್ತಾರೆ.

“ಬುಧವಾರ ಬೆಳಗಿನ ಜಾವ 2:15” ಎಂದು ಅಷ್ಟುದ್ದ ಯಾಕೆ? “ಮಂಗಳವಾರ ರಾತ್ರಿ” ಎಂದರೆ ಸಾಲದೇ?

ಸಾಲದು. ಕ್ಯಾಲೆಂಡರಿಗೆ ರಾತ್ರಿ 12ಕ್ಕೆ ದಿನ ಬದಲಾಗುತ್ತದೆ, ನಮಗೆ ಬೆಳಕು ಹರಿದ ಮೇಲೆ. “ಬುಧವಾರ 2:15” ಎಂದಷ್ಟೇ ಇದ್ದರೆ ಕೆಲವರು ಮಧ್ಯಾಹ್ನ ಎನ್ನುತ್ತಾರೆ, ಕೆಲವರು ಬುಧವಾರ ಕಳೆದ ರಾತ್ರಿ ಎನ್ನುತ್ತಾರೆ. ರಾತ್ರಿ 12:40ಕ್ಕೆ ಹಾರುವ ವಿಮಾನವಿದ್ದರಂತೂ ಇಪ್ಪತ್ತನಾಲ್ಕು ಗಂಟೆ ತಡವಾಗಿ ನಿಲ್ದಾಣ ತಲುಪುವ ಪ್ರಮಾದ ಆಗುವುದು ಇಲ್ಲಿಯೇ. ಯಾವ ದಿನ ಊಟ ಮಾಡಿ ಮಲಗಬೇಕು ಎಂಬುದರಿಂದ ಶುರು ಮಾಡಿದರೆ ಗೊಂದಲ ಇರುವುದಿಲ್ಲ.

ಗಾಡಿ ಅಷ್ಟು ಬೇಗ ಬಿಡಬೇಕೇ? ನಾಲ್ಕು ಗಂಟೆಯ ದಾರಿಯಲ್ಲವೇ?

ಹಿಂದಿನಿಂದ ಲೆಕ್ಕ ಹಾಕಿ. ವಿಮಾನ 11:40ಕ್ಕೆ. ಹತ್ತುವ ಗೇಟು ಅದಕ್ಕಿಂತ ಸುಮಾರು 25 ನಿಮಿಷ ಮೊದಲೇ ಮುಚ್ಚುತ್ತದೆ, ಅಂದರೆ 11:15. ಬ್ಯಾಗ್ ಕೊಡುವ ಕೌಂಟರು ದೇಶದೊಳಗಿನ ವಿಮಾನಗಳಿಗೆ ಸಾಮಾನ್ಯವಾಗಿ 60 ನಿಮಿಷ ಮೊದಲು ಮುಚ್ಚುತ್ತದೆ, ಅಂದರೆ 10:40. ನಿಮ್ಮ ಗಡುವು ಎಂದರೆ ಈ 10:40, 11:40 ಅಲ್ಲ. ಹತ್ತು ಮಂದಿ ಗೇಟಿನಲ್ಲಿ ಕಾರ್ಡ್ ತೋರಿಸಿ ಒಳಗೆ ಹೋಗಿ, ಹತ್ತು ಬ್ಯಾಗ್ ತೂಕ ಮಾಡಿಸಲು ಒಂದು ಗಂಟೆ ಬೇಕು. ಕೂಡಿಕೊಳ್ಳಲು ಅರ್ಧ ಗಂಟೆ. ಹಾಗಾಗಿ 9:10.

ರಾಯಚೂರಿನಿಂದ ಶಕ್ತಿನಗರ, ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ, ಶಾದ್‌ನಗರದ ಮೇಲೆ ಶಂಷಾಬಾದಿಗೆ ಸುಮಾರು ನಾಲ್ಕು ಗಂಟೆ. ಚಹಾ, ಮೂತ್ರ ವಿಸರ್ಜನೆಗೆ ಅರ್ಧ ಗಂಟೆ, ಅದರ ಮೇಲೆ ಐದು ನಿಮಿಷ ಸೇರಿಸಿ. 4:35 ಬಂದದ್ದು ಹೀಗೆ. ಒಂದು ಅನುಕೂಲವೆಂದರೆ ನಿಲ್ದಾಣ ಹೈದರಾಬಾದಿನ ದಕ್ಷಿಣದ ಅಂಚಿನಲ್ಲಿದೆ, ನಮ್ಮ ಕಡೆಯಿಂದ ಹೋದರೆ ಊರೊಳಗಿನ ಟ್ರಾಫಿಕ್‌ಗೆ ಸಿಗುವುದಿಲ್ಲ. ಆದರೆ ಡ್ರೈವರಿಗೆ ಇದನ್ನು ಮೊದಲೇ ಹೇಳಿ. “ಹೈದರಾಬಾದ್” ಎಂದಷ್ಟೇ ಕೇಳಿದವರು ಮ್ಯಾಪಿನಲ್ಲಿ ಊರಿನ ನಡುಮಧ್ಯವನ್ನು ಹಾಕಿಕೊಂಡಿರುತ್ತಾರೆ.

ನಮ್ಮ ಸಲಹೆ ಕೇಳಿದರೆ, ಸಿಂಧನೂರು, ಮಾನ್ವಿಯವರು ಮಂಗಳವಾರ ಸಂಜೆಯೇ ರಾಯಚೂರಿನ ಮನೆಗೆ ಬಂದು ಮಲಗುವುದು ಒಳ್ಳೆಯದು. ಮೂರು ಕಡೆ ಹತ್ತಿಸಿಕೊಂಡು ಬರುವ ಗಾಡಿ ಒಂದು ಕಡೆ 20 ನಿಮಿಷ ತಡವಾದರೆ ಮುಂದಿನ ಎರಡೂ ಕಡೆ ಆ ತಡ ಸೇರುತ್ತಾ ಹೋಗುತ್ತದೆ.

ಗಾಡಿಯ ವಿಷಯದಲ್ಲಿ ಒಂದು ಮಾತು: ಸೀಟು ಎಣಿಸಿದರೆ ಸಾಲದು, ಬ್ಯಾಗ್ ಎಣಿಸಿ. ಕ್ರೂಸರಿನಲ್ಲಿ ಒಂಬತ್ತು ಮಂದಿ ಕೂರುತ್ತಾರೆ, ಒಂಬತ್ತು ದೊಡ್ಡ ಬ್ಯಾಗ್ ಕೂರುವುದಿಲ್ಲ. ಮೇಲೆ ಕ್ಯಾರಿಯರ್ ಇದೆಯೇ, ತಾಡಪಾಲು, ಹಗ್ಗ ಇದೆಯೇ ಎಂದು ಕೇಳಿಯೇ ಮಾತಾಡಿ.

ಸೇರುವ ಜಾಗ ಹೊರಗೇ ಯಾಕೆ? ಒಳಗೆ ಎಸಿ ಇದೆ, ಕುರ್ಚಿ ಇದೆ.

ಗೇಟಿನಲ್ಲಿ ಟಿಕೆಟ್ ಮತ್ತು ಗುರುತಿನ ಚೀಟಿ ಎರಡೂ ತೋರಿಸಿದವರಿಗಷ್ಟೇ ಪ್ರವೇಶ. ಒಳಗೆ ಹೋದವರು ಮತ್ತೆ ಹೊರಗೆ ಬರಬೇಕೆಂದರೆ ಸಿಬ್ಬಂದಿಗೆ ಕಾರಣ ಹೇಳಿ ಒಪ್ಪಿಸಬೇಕು. ಅಜ್ಜಿಯ ಆಧಾರ್ ಒಳಗೆ ಹೋದ ಮಗನ ಜೇಬಿನಲ್ಲಿ, ಅಜ್ಜಿ ಹೊರಗೆ. ಈ ತೊಂದರೆ ಅಪರೂಪದ್ದಲ್ಲ. ಹೊರಗೇ ನಿಂತು ಹತ್ತು ತಲೆ, ಹತ್ತು ಕಾರ್ಡ್ ಎಣಿಸಿದ ಮೇಲೆ ಒಳಗೆ ಹೋಗಬೇಕು.

“ಏರ್‌ಪೋರ್ಟ್ ಮುಂದೆ” ಎನ್ನುವುದು ಜಾಗವಲ್ಲ. ಮಹಡಿ ಯಾವುದು, ಗೇಟಿನ ಸಂಖ್ಯೆ ಎಷ್ಟು, ಹೊರಗೋ ಒಳಗೋ ಎಂಬ ಮೂರೂ ಬರೆದಿರಬೇಕು. ಬರುವವರ ಮಹಡಿ ಬೇರೆ, ಹೋಗುವವರ ಮಹಡಿ ಬೇರೆ. ಬೇರೆ ಕಡೆಯಿಂದ ಬರುವ ಪ್ರಶಾಂತನಂಥವರು ಕೆಳಗೆ ನಿಂತು “ನಾನು ಇಲ್ಲೇ ಅದೀನಿ, ನೀವೆಲ್ಲಿ?” ಎಂದು ಕಾಲು ಗಂಟೆ ಫೋನಿನಲ್ಲಿ ಹುಡುಕಾಡುತ್ತಾರೆ. ಬೆಂಗಳೂರಿನಿಂದ ಹೋಗುವ ಬಳ್ಳಾರಿಯವರು ಇದರ ಜೊತೆಗೆ ಟರ್ಮಿನಲ್ 1 ಅಥವಾ 2 ಎಂಬುದನ್ನು ಟಿಕೆಟ್ ನೋಡಿ ಬರೆಯಬೇಕು, ಅಲ್ಲಿ ಎರಡು ಕಟ್ಟಡಗಳಿವೆ.

ಪ್ರಶಾಂತನಿಗೆ ಗಾಡಿ ಎಲ್ಲಿದೆ ಎಂದು ತಿಳಿಯಲು ಗಾಡಿಯಲ್ಲಿ ಇರುವ ಒಬ್ಬರು ಲೈವ್ ಲೊಕೇಶನ್ ಹಾಕಲಿ. 8 ಗಂಟೆ ಎಂಬುದನ್ನು ಆರಿಸಿ, ಒಂದು ಗಂಟೆಯದು ಮಕ್ತಲ್ ದಾಟುವುದರೊಳಗೆ ನಿಂತುಹೋಗುತ್ತದೆ. ಆ ಫೋನು ಗಾಡಿಯ ಚಾರ್ಜರಿಗೆ ಸಿಕ್ಕಿಸಿರಲಿ.

9:40ರ ಸಾಲು ಕಠಿಣವೆನಿಸಬಹುದು, ಆದರೂ ಬರೆಯಿರಿ. ಅದಿಲ್ಲದಿದ್ದರೆ ಒಬ್ಬರಿಗಾಗಿ ಒಂಬತ್ತು ಮಂದಿ 10:30ರ ತನಕ ಹೊರಗೇ ನಿಂತಿರುತ್ತಾರೆ.

ಹತ್ತೂ ಸೀಟು ಒಂದೇ ಕಡೆ ಸಿಗಬೇಕಾದರೆ ಏನು ಮಾಡಬೇಕು?

ಏರ್‌ಬಸ್ ಎ320 ತರಹದ ವಿಮಾನದಲ್ಲಿ ಒಂದು ಸಾಲಿಗೆ ಆರು ಸೀಟು. ನಡುವೆ ದಾರಿ, ಒಂದು ಬದಿ A, B, C, ಇನ್ನೊಂದು ಬದಿ D, E, F. ಕಿಟಕಿ ಎಂದರೆ A ಮತ್ತು F, ದಾರಿಯ ಪಕ್ಕ ಎಂದರೆ C ಮತ್ತು D. ನಮ್ಮ ಹತ್ತು ಮಂದಿಗೆ ಒಂದು ಇಡೀ ಸಾಲು, ಅದರ ಹಿಂದೆ ನಾಲ್ಕು ಸೀಟು ಸಾಕು.

ಸಾಲು 20: ಸಾನ್ವಿ A, ಕವಿತಾ B, ಗಂಗಮ್ಮ ಅಜ್ಜಿ C, ದಾರಿಯ ಆಚೆ ಶರಣಪ್ಪ ಅಜ್ಜ D, ಸುಮಂಗಲಾ E, ವೀರೇಶ F.
ಸಾಲು 21: ಆದಿತ್ಯ A, ರೇಣುಕಾ B, ಮಹಾಂತೇಶ C, ಪ್ರಶಾಂತ D.

ಅಜ್ಜ-ಅಜ್ಜಿ ಇಬ್ಬರೂ ದಾರಿಯ ಪಕ್ಕ ಇರುವುದರಿಂದ ಶೌಚಾಲಯಕ್ಕೆ ಏಳುವಾಗ ಯಾರನ್ನೂ ದಾಟಬೇಕಿಲ್ಲ, ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆ. ಅಪರಿಚಿತರ ಪಕ್ಕ ಕೂರುವವನು ಪ್ರಶಾಂತನೊಬ್ಬನೇ. ಅವನು ಅಜ್ಜನ ಬೆನ್ನ ಹಿಂದೆಯೇ ಇರುತ್ತಾನೆ. ತುರ್ತು ಬಾಗಿಲಿನ ಸಾಲು ಕಾಲು ಚಾಚಲು ಚೆನ್ನಾಗಿರುತ್ತದೆಂದು ಹಿರಿಯರಿಗೆ ಆರಿಸಬೇಡಿ. ಮಕ್ಕಳಿಗೂ ವಯಸ್ಸಾದವರಿಗೂ ಅಲ್ಲಿ ಅವಕಾಶವಿಲ್ಲ, ಕೊನೆ ಗಳಿಗೆಯಲ್ಲಿ ಎಬ್ಬಿಸಿ ಬೇರೆಡೆ ಕೂರಿಸುತ್ತಾರೆ.

ಹತ್ತಕ್ಕೂ ಸೀಟಿನ ಹಣ ಕಟ್ಟುವ ಮನಸ್ಸಿಲ್ಲದಿದ್ದರೆ ಅಜ್ಜ-ಅಜ್ಜಿಯ C ಮತ್ತು D ಎರಡಕ್ಕೆ ಮಾತ್ರ ಕಟ್ಟಿ. ಮಕ್ಕಳ ಪಕ್ಕ ತಾಯಂದಿರು ಬರುವಂತೆ ಮೇಲೆ ಹೇಳಿದ ಸೂಚನೆಯೇ ನೋಡಿಕೊಳ್ಳುತ್ತದೆ. ದೊಡ್ಡವರು ಎರಡು ತಾಸು ಎಲ್ಲಿ ಕೂತರೂ ನಡೆಯುತ್ತದೆ.

ವೆಬ್ ಚೆಕ್-ಇನ್ ಹಲವು ಕಂಪನಿಗಳಲ್ಲಿ 48 ಗಂಟೆ ಮೊದಲು ತೆರೆಯುತ್ತದೆ. ನಮ್ಮ ಲೆಕ್ಕದಲ್ಲಿ ಸೋಮವಾರ 11:40. ಅದೇ ಹೊತ್ತಿಗೆ ಇಬ್ಬರು ಎರಡು ಫೋನಿನಲ್ಲಿ ಎರಡೂ ಪಿಎನ್‌ಆರ್ ತೆರೆದು, ಒಬ್ಬರಿಗೊಬ್ಬರು ಮಾತಾಡಿಕೊಂಡು ಸೀಟು ಒತ್ತಬೇಕು. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ರಾತ್ರಿ ಮಾಡಿದರೆ ನಡುವಿನ ಸೀಟು ಹೋಗಿರುತ್ತದೆ. “ಯಾವುದಾದರೂ ಕೊಡು” ಎಂಬ ಆಯ್ಕೆ ಒತ್ತಿದರೆ ಹತ್ತು ಮಂದಿ ಹತ್ತು ಸಾಲಿಗೆ ಚೆದುರಬಹುದು. ಬೋರ್ಡಿಂಗ್ ಪಾಸನ್ನು ಸ್ಕ್ರೀನ್‌ಶಾಟ್ ಮಾಡದೆ ಪಿಡಿಎಫ್ ಆಗಿಯೇ, ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ. ಫೋಟೋ ಮಾಡಿ ಕಳಿಸಿದರೆ ಕುಗ್ಗಿ, ಚೌಕ ಕೋಡ್ ಮಸುಕಾಗಿ ಯಂತ್ರ ಓದದೇ ಹೋಗಬಹುದು. ಅಜ್ಜ-ಅಜ್ಜಿಯದನ್ನು ಕಾಗದದಲ್ಲಿ ತೆಗೆಸಿ ಕೈಗೆ ಕೊಡಿ.

ಅಕ್ಕ-ತಂಗಿಯರಿಬ್ಬರ ತೊಡೆಯ ಮೇಲೂ ಒಂದೊಂದು ಕೂಸಿದ್ದರೆ ಅವರು ಪಕ್ಕಪಕ್ಕ ಕೂರಬಹುದೇ?

ಒಂದೇ ಬದಿಯ ಮೂರು ಸೀಟಿನಲ್ಲಿ ಬರುವುದಿಲ್ಲ. ಮೂರು ಸೀಟಿನ ಮೇಲೆ ಆಮ್ಲಜನಕದ ಮುಖವಾಡ ನಾಲ್ಕಿರುತ್ತವೆ, ಹಾಗಾಗಿ ಒಂದು ಕೂಸಿಗಷ್ಟೇ ಜಾಗ. ದಾರಿಯ ಆಚೆ-ಈಚೆ C ಮತ್ತು D ಯಲ್ಲಿ ಕೂರಬಹುದು. ಹೋಗುವಾಗ ಎರಡು ತುಂಬದೆ, ವಾಪಸ್ ಬರುವ ದಿನದೊಳಗೆ ಎರಡು ತುಂಬುವ ಕೂಸಿಗೆ ವಾಪಸಿನ ಸೀಟು ತೆಗೆಸಲೇಬೇಕು. ಹುಟ್ಟಿದ ದಿನಾಂಕದ ದಾಖಲೆ ಜೊತೆಗಿರಲಿ.

ಆಧಾರ್ ಇಲ್ಲದಿದ್ದರೆ ಬೇರೇನು ನಡೆಯುತ್ತದೆ? ಮೊಬೈಲಿನಲ್ಲಿರುವ ಆಧಾರ್ ಆಗುವುದಿಲ್ಲವೇ?

ದೇಶದೊಳಗೆ ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್ ನಡೆಯುತ್ತವೆ. ಅಸಲಿ ಇರಬೇಕು, ಟಿಕೆಟಿನ ಹೆಸರೇ ಅದರಲ್ಲಿರಬೇಕು. ರೇಷನ್ ಕಾರ್ಡ್ ನಂಬಿಕೊಂಡು ಹೊರಡಬೇಡಿ. ಎಂಆಧಾರ್ ಅಥವಾ ಡಿಜಿಲಾಕರ್ ಆ್ಯಪ್ ತೆರೆದು ತೋರಿಸಿದರೆ ನಡೆಯುತ್ತದೆ. ಗ್ಯಾಲರಿಯಲ್ಲಿರುವ ಕಾರ್ಡಿನ ಫೋಟೋ ನಡೆಯುವುದಿಲ್ಲ. ಈ ವ್ಯತ್ಯಾಸ ಬಹಳ ಮಂದಿಗೆ ಗೇಟಿನಲ್ಲೇ ಗೊತ್ತಾಗುವುದು. ಆ್ಯಪಿಗೂ ಒಟಿಪಿ ಬೇಕಾಗಬಹುದು, ಆ ಸಿಮ್ಮು ಮನೆಯಲ್ಲಿರುವ ಇನ್ನೊಂದು ಫೋನಿನಲ್ಲಿ ಇದ್ದರೆ ಕಷ್ಟ. ತಂದೆ ತಾಯಿಯ ಜೊತೆಗಿರುವ ಚಿಕ್ಕ ಮಕ್ಕಳಿಗೆ ಫೋಟೋ ಇರುವ ಚೀಟಿ ಕೇಳುವುದಿಲ್ಲವಾದರೂ ಅವರ ಆಧಾರ್ ಅಥವಾ ಜನನ ಪ್ರಮಾಣಪತ್ರ ಇಟ್ಟುಕೊಳ್ಳಿ.

ಹತ್ತೂ ಕಾರ್ಡನ್ನು ಒಬ್ಬರ ಚೀಲಕ್ಕೆ ಹಾಕಬೇಡಿ. ಗೇಟಿನಲ್ಲಿ ಒಬ್ಬೊಬ್ಬರೇ ತೋರಿಸಬೇಕು, ಒಳಗೆ ಮತ್ತೆ ಕೇಳಬಹುದು. ದೊಡ್ಡವರ ಕಾರ್ಡ್ ಅವರವರ ಕೈಯಲ್ಲೇ, ಅಜ್ಜ-ಅಜ್ಜಿಯದು ಸುಮಂಗಲಾಳ ಕೈಯಲ್ಲಿ.

ಕೊಬ್ಬರಿ, ಉಪ್ಪಿನಕಾಯಿ, ಶೇಂಗಾ ಹಿಂಡಿ ಏನು ಮಾಡುವುದು?

ಪೂಜೆಗೆಂದು ಒಣ ಕೊಬ್ಬರಿ ಒಯ್ಯುವವರು ಬಹಳ. ಅದರಲ್ಲಿ ಎಣ್ಣೆ ಹೆಚ್ಚಿದ್ದು ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳುವ ಅಪಾಯದ ವಸ್ತುಗಳ ಪಟ್ಟಿಯಲ್ಲಿದೆ. ದೊಡ್ಡ ಬ್ಯಾಗಿಗೂ ಬೇಡ, ಕೈಚೀಲಕ್ಕೂ ಬೇಡ. ಕರ್ಪೂರವೂ ಹಾಗೆಯೇ. ಎರಡೂ ಕಾಶಿಯಲ್ಲಿ ಸಿಗುತ್ತವೆ. ಎಣ್ಣೆಯ ಉಪ್ಪಿನಕಾಯಿ, ಖಾರದ ಪುಡಿ ಕೈಚೀಲದಲ್ಲಿ ಬಿಡುವುದಿಲ್ಲ, ಬಿಗಿಯಾಗಿ ಕಟ್ಟಿ ದೊಡ್ಡ ಬ್ಯಾಗಿಗೆ ಹಾಕಿ. ಶೇಂಗಾ ಹಿಂಡಿಯೂ ಅಲ್ಲಿಗೇ ಹೋಗಲಿ. ಕಟಕ ರೊಟ್ಟಿ ಕೈಯಲ್ಲೇ ಒಯ್ಯಬಹುದು, ದೊಡ್ಡ ಬ್ಯಾಗಿಗೆ ಹಾಕಿದರೆ ಪುಡಿಯೇ ಸಿಗುವುದು. ಅಜ್ಜನ ಅಡಕೊತ್ತು ದೊಡ್ಡ ಬ್ಯಾಗಿಗೆ. ಪವರ್ ಬ್ಯಾಂಕ್ ಮಾತ್ರ ಇದಕ್ಕೆ ತಿರುಗಾಮುರುಗಾ: ಕೈಚೀಲದಲ್ಲೇ ಇರಬೇಕು.

ಒಂದೇ ಪಿಎನ್‌ಆರಿನವರು ಒಟ್ಟಿಗೆ ಕೌಂಟರಿಗೆ ಹೋದರೆ ಸಾಮಾನ್ಯವಾಗಿ ತೂಕವನ್ನು ಕೂಡಿಸಿ ನೋಡುತ್ತಾರೆ: ಐವರಿಗೆ 75 ಕೆಜಿ. ಅಜ್ಜಿಯದು 9, ರೇಣುಕಾಳದು 20 ಆದರೆ ಸರಿಹೋಗುತ್ತದೆಂದು ನಂಬಬೇಡಿ, ಅವರಿಬ್ಬರೂ ಬೇರೆ ಬೇರೆ ಪಿಎನ್‌ಆರಿನಲ್ಲಿ ಇದ್ದಾರೆ. ಮನೆಯಲ್ಲೇ ತೂಕ ಮಾಡಿ ಹಂಚಿ.

ಅಜ್ಜಿಗೆ ಮಂಡಿನೋವು. ಗಾಲಿಕುರ್ಚಿ ಹೇಗೆ ಕೇಳುವುದು?

ಬುಕ್ ಮಾಡುವಾಗಲೇ ಕೇಳಿ, ಮರೆತಿದ್ದರೆ ಕನಿಷ್ಠ 48 ಗಂಟೆ ಮೊದಲು. ಮೆಟ್ಟಿಲು ಹತ್ತಬಲ್ಲವರಾದರೆ ಟಿಕೆಟಿನಲ್ಲಿ WCHR, ಹತ್ತಲಾರದವರಾದರೆ WCHS ಎಂದು ಬರುತ್ತದೆ. ಕುರ್ಚಿಯಲ್ಲಿ ಹೋಗುವವರನ್ನು ಬೇರೆ ದಾರಿಯಿಂದ ಮೊದಲೇ ಒಯ್ಯುತ್ತಾರೆ, ಜೊತೆಗೆ ಒಬ್ಬರನ್ನು ಬಿಡುತ್ತಾರೆ. ಅದು ಯಾರು ಎಂದು ಸಂದೇಶದಲ್ಲೇ ಬರೆಯಿರಿ, ಇಲ್ಲದಿದ್ದರೆ ನಾಲ್ವರು ಹಿಂದೆ ಓಡುತ್ತಾರೆ. ಇಳಿಯುವಾಗ ಅವರು ಕೊನೆಗೆ ಇಳಿಯುತ್ತಾರೆ. ಉಳಿದವರು ಕಾಶಿಯಲ್ಲಿ ಬ್ಯಾಗ್ ಬರುವ ಪಟ್ಟಿಯ ಹತ್ತಿರವೇ ಕಾಯಬೇಕು, ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ.

ಸಂದೇಶ ಹಾಕಿದ ಮೇಲೆ ಸಮಯ ಬದಲಾದರೆ?

ವಾಟ್ಸ್ಯಾಪಿನಲ್ಲಿ ಸಂದೇಶ ತಿದ್ದಲು 15 ನಿಮಿಷ ಮಾತ್ರ ಅವಕಾಶ. ಆಮೇಲೆ “2:15 ಅಲ್ಲ 3:00” ಎಂದು ಒಂದು ಸಾಲು ಹಾಕಿದರೆ, ಹಳೆಯ ಸಂದೇಶ ಮೇಲೆ ಪಿನ್ ಆಗಿಯೇ ಇರುತ್ತದೆ, ಜನ ಅದನ್ನೇ ನೋಡುತ್ತಾರೆ. ಪೂರ್ತಿ ಸಂದೇಶವನ್ನು “ಸಂದೇಶ 2. ಹಳೇದು ಬಿಡ್ರಿ” ಎಂದು ಹೊಸದಾಗಿ ಹಾಕಿ, ಹಳೆಯದರ ಪಿನ್ ತೆಗೆದು ಇದನ್ನು ಪಿನ್ ಮಾಡಿ. ಬದಲಾದ ಸಾಲಿನ ಎರಡೂ ಬದಿ * ಚಿಹ್ನೆ ಹಾಕಿದರೆ ದಪ್ಪ ಅಕ್ಷರ ಆಗುತ್ತದೆ. ಎರಡೂ ಪಿಎನ್‌ಆರಿನಲ್ಲಿ ಬದಲಾವಣೆ ಒಂದೇ ಆಗಿದೆಯೇ ಎಂದು ಆ್ಯಪಿನಲ್ಲಿ ನೋಡಿದ ಮೇಲೆ ಇದನ್ನೆಲ್ಲ ಮಾಡಿ.

ವಾಪಸ್ ಬರುವಾಗಲೂ ಇಷ್ಟೆಲ್ಲ ಬರೆಯಬೇಕೇ?

ಅರ್ಧ ಸಾಕು: ವಿಮಾನದ ಸಮಯ, ಕಾಶಿಯ ವಸತಿಯಿಂದ ಹೊರಡುವ ಸಮಯ, ಶಂಷಾಬಾದಿನಲ್ಲಿ ಇಳಿದ ಮೇಲೆ ಗಾಡಿ ನಿಲ್ಲುವ ಜಾಗ, ಡ್ರೈವರ್ ನಂಬರ್. ವಾಪಸಿನ ವೆಬ್ ಚೆಕ್-ಇನ್ ತೆರೆಯುವ ಹೊತ್ತಿಗೆ ನೀವು ಘಾಟಿನಲ್ಲೋ ದರ್ಶನದ ಸಾಲಿನಲ್ಲೋ ಇರುತ್ತೀರಿ, ಆ ಹೊತ್ತಿಗೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಗಂಗಾಜಲದ ತಂಬಿಗೆಗಳನ್ನು ದೊಡ್ಡ ಬ್ಯಾಗಿಗೆ ಹಾಕುವ ಮೊದಲು ತಲೆಕೆಳಗು ಮಾಡಿ ಐದು ನಿಮಿಷ ಇಟ್ಟು ನೋಡಿ. ಅದರ ತೂಕವೂ ಆ 15 ಕೆಜಿಯಲ್ಲೇ ಸೇರುತ್ತದೆ, ಲೀಟರಿಗೆ ಒಂದು ಕೆಜಿ.